ಡಿಕ್ಕಿಯಾಗಿ ಏಳು ವಾರ ಆಯ್ತು, ಇದು ಇನ್ನೂ ಶಾಕ್ ಅಂತಲೇನಾ?

ಸುಮಾ: ಏಳು ವಾರದ ಹಿಂದೆ ತಿರುಗೋಕೆ ಇಂಡಿಕೇಟರ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದಿನಿಂದ ಲಾರಿ ಬಂದು ಗುದ್ದಿತು. ಕುತ್ತಿಗೆ ಉಳುಕಿದ್ದು ಬಿಟ್ಟರೆ ಏಟಿಲ್ಲ. ಎರಡು ದಿನ ಕೈ ನಡುಗಿತು, ಆಮೇಲೆ ಕೆಲಸಕ್ಕೂ ಹೋದೆ. ಮೂರನೇ ವಾರದಿಂದ ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದೇನೆ. ಕಾರು ಮುಟ್ಟಿಲ್ಲ. ಗಂಡ ಓಡಿಸುವಾಗ ಪಕ್ಕದಲ್ಲಿ ಕೂತ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಹೇಳೋಕೆ ನಾಚಿಕೆ, ಗೋಡೆ ಗಡಿಯಾರದ ಸದ್ದು ತಡೆಯೋಕಾಗದೆ ಸೆಲ್ ತೆಗೆದಿಟ್ಟಿದ್ದೇನೆ. ಎಲ್ಲರೂ "ಶಾಕ್, ಹೋಗುತ್ತೆ ಬಿಡು" ಅಂತಾರೆ. ನಿಜಾನಾ?

ನಾಗರಾಜ್: ಶಾಕೇ ಅಮ್ಮ ಇದು. ನನ್ನ ತಮ್ಮನಿಗೂ ಬೈಕಿನಿಂದ ಬಿದ್ದಾಗ ಹೀಗೇ ಆಗಿತ್ತು, ತಾನಾಗಿಯೇ ಹೋಯ್ತು. ಮನಸ್ಸಿಗೆ ಸಮಯ ಕೊಡಿ. ಆರು ತಿಂಗಳು ಕಾರಿನ ತಂಟೆಗೇ ಹೋಗಬೇಡಿ. ನಿದ್ದೆ ಬರದಿದ್ದರೆ ಅರ್ಧ ನಿದ್ರೆ ಮಾತ್ರೆ ಸಾಕು.

ಇಮ್ರಾನ್, ತುರ್ತು ಚಿಕಿತ್ಸಾ ವಿಭಾಗದ ನರ್ಸ್: ಶಾಕ್ ಅಂದರೆ ಸುಮ್ನೆ ಅಲ್ಲ. ಮೈ ತಣ್ಣಗಾಗುತ್ತಿದೆಯಾ? ಬಿಪಿ ಇಳಿದಿದೆಯಾ? ನಾಡಿ ಓಡುತ್ತಿದೆಯಾ? ಒಳಗೆ ರಕ್ತ ಸೋರಿದರೆ ಹೀಗಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ.

ಸುಮಾ: ಇಲ್ಲ ಇಮ್ರಾನ್ ಅವರೇ, ಅದೆಲ್ಲ ಅವತ್ತೇ ನೋಡಿದ್ದಾರೆ. ನಾನು ಕೇಳಿದ್ದು ಮನಸ್ಸಿನ ವಿಷಯ.

ಇಮ್ರಾನ್: ಓ, ಏಳು ವಾರ ಅಂತ ಬರೆದಿದ್ದನ್ನು ಸರಿಯಾಗಿ ಓದಲಿಲ್ಲ, ಕ್ಷಮಿಸಿ. ನಮ್ಮ ವಾರ್ಡಿನಲ್ಲಿ ಶಾಕ್ ಅಂದರೆ ರಕ್ತ ಸಾಲದೆ ಜೀವಕ್ಕೇ ಅಪಾಯ ಬಂದಿದೆ ಅಂತ. ಹೆದರಿದ್ದಕ್ಕೂ ಜನ ಅದೇ ಪದ ಹೇಳ್ತಾರೆ, ಗೊಂದಲ ಆಗೋದು ಇಲ್ಲೇ.

ವಸುಧಾ, ಕ್ಲಿನಿಕಲ್ ಸೈಕಾಲಜಿಸ್ಟ್: ಸುಮಾ ಅವರೇ, ಗಡಿಯಾರದ ವಿಷಯದಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದೇ ಅದು. ಲಾರಿ ಗುದ್ದುವ ಮುಂಚಿನ ಕ್ಷಣದಲ್ಲಿ ಕಾರಿನೊಳಗೆ ಏನು ಕೇಳಿಸುತ್ತಿತ್ತು, ನೆನಪಿದೆಯಾ?

ಸುಮಾ: ಅಯ್ಯೋ. ಇಂಡಿಕೇಟರ್. ಟಿಕ್ ಟಿಕ್ ಟಿಕ್. ಇಷ್ಟು ದಿನ ಹೊಳೆದೇ ಇರಲಿಲ್ಲ ನೋಡಿ.

ವಸುಧಾ: ಹೌದು, ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಜೀವಕ್ಕೆ ಕುತ್ತು ಬಂದಾಗ ಮಿದುಳು ಆಗ ಅಕ್ಕಪಕ್ಕ ಏನೇನಿತ್ತೋ ಎಲ್ಲದರ ಮೇಲೂ "ಅಪಾಯ" ಅಂತ ಚೀಟಿ ಅಂಟಿಸಿಬಿಡುತ್ತದೆ. ಲಾರಿ ಮೇಲೆ ಮಾತ್ರ ಅಲ್ಲ, ಟಿಕ್ ಟಿಕ್ ಮೇಲೂ, ವಾಸನೆ ಮೇಲೂ, ಆ ಹೊತ್ತಿನ ಬೆಳಕಿನ ಮೇಲೂ. ಆಮೇಲೆ ಮನೆಯಲ್ಲಿ ಅದೇ ಸದ್ದು ಕೇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಯಾಕೆ ಅಂತ ನಿಮಗೇ ಗೊತ್ತಿರುವುದಿಲ್ಲ. "ಕಾರಣವೇ ಇಲ್ಲದೆ ಗಾಬರಿ" ಅಂತ ಬರುವವರ ಜೊತೆ ಹುಡುಕುತ್ತಾ ಕೂತರೆ ಎಷ್ಟೋ ಸಲ ಇಂಥದ್ದೊಂದು ಸಿಗುತ್ತದೆ.

ಈಗ ಶಾಕ್ ವಿಷಯಕ್ಕೆ ಬರುತ್ತೇನೆ. ಅಪಘಾತವಾದ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ನಡುಗುವುದು, ಅಳುವುದು, ಮಂಕು ಕವಿದಂತಾಗುವುದು, ನಡೆದದ್ದೆಲ್ಲ ಬೇರೆ ಯಾರಿಗೋ ಆದಂತೆ ಅನ್ನಿಸುವುದು ಎಲ್ಲ ಸಹಜ. ಅದನ್ನು ಕಾಯಿಲೆ ಅನ್ನುವುದಿಲ್ಲ. ನಿಮಗೆ ಮೊದಲ ಎರಡು ದಿನ ಆಗಿದ್ದು ಅದು. ಆದರೆ ಶಾಕ್ ಆಗಿದ್ದರೆ ದಿನ ಕಳೆದಂತೆ ಇಳಿಯಬೇಕು. ಇವತ್ತು ಎಷ್ಟು ಭಯ ಇದೆ ಅನ್ನುವುದಕ್ಕಿಂತ, ಹೋದ ವಾರಕ್ಕಿಂತ ಕಡಿಮೆಯೋ ಜಾಸ್ತಿಯೋ ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ. ನಿಮ್ಮದು ಮೂರನೇ ವಾರದಿಂದ ಏರಿದೆ.

ಇನ್ನೊಂದು ಪ್ರಶ್ನೆ. ರಾತ್ರಿ ಎದ್ದು ಕೂತಾಗ ಡಿಕ್ಕಿಯಾದದ್ದು ನೆನಪಾಗುತ್ತದೆಯಾ, ಇಲ್ಲ ಮತ್ತೆ ನಡೆಯುತ್ತಿದೆ ಅನ್ನಿಸುತ್ತದೆಯಾ?

ಸುಮಾ: ಮತ್ತೆ ನಡೆಯುತ್ತದೆ. ಕನ್ನಡಿಯಲ್ಲಿ ಲಾರಿಯ ಮುಂಭಾಗ ದೊಡ್ಡದಾಗುತ್ತಾ ಬರುತ್ತದೆ. ಕುತ್ತಿಗೆಯೂ ಅದೇ ಜಾಗದಲ್ಲಿ ಹಿಡಿಯುತ್ತದೆ.

ವಸುಧಾ: ಹಾಗಾದರೆ ಇದು ಬರೀ ಕಾರಿನ ಭಯ ಅಲ್ಲ. ಬರೀ ಭಯ ಇದ್ದವರು ಸ್ಟೀರಿಂಗ್ ಹಿಡಿಯೋಕೆ ಹೆದರುತ್ತಾರೆ, ಆದರೆ ಮನೆಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಾರೆ. ನಿಮ್ಮಲ್ಲಿ ಘಟನೆ ತಾನಾಗಿ ನುಗ್ಗಿ ಬರುತ್ತಿದೆ, ನೀವು ಅದನ್ನು ನೆನಪಿಸುವುದರಿಂದ ದೂರ ಓಡುತ್ತಿದ್ದೀರಿ, ಮೈ ಸದಾ ಎಚ್ಚರದಲ್ಲಿದೆ. ಒಂದು ತಿಂಗಳೊಳಗೆ ಹೀಗಿದ್ದರೆ ತೀವ್ರ ಒತ್ತಡದ ಸ್ಥಿತಿ ಅನ್ನುತ್ತೇವೆ. ತಿಂಗಳು ದಾಟಿಯೂ ಇದ್ದು ದಿನದ ಬದುಕನ್ನು ಕೆಡಿಸುತ್ತಿದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ, ಇದೆಯಾ ಅಂತ ನೋಡುತ್ತೇವೆ. ಇದೆ ಅಂತ ಇಲ್ಲಿ ಕೂತು ಹೇಳಲಾರೆ. ಎದುರು ಕೂತು ಮಾತಾಡಿಯೇ ತಿಳಿಯಬೇಕು. ಆದರೆ ಕಾಯುವ ಕಾಲ ಮುಗಿದಿದೆ ಅಂತ ಹೇಳಬಲ್ಲೆ.

ನಾಗರಾಜ್: ಹಾಗಾದರೆ ನಾನು ಹೇಳಿದ್ದು ತಪ್ಪಾ ಮೇಡಂ? ನಮ್ಮ ತಮ್ಮ ಯಾವ ಡಾಕ್ಟರ್ ಹತ್ತಿರವೂ ಹೋಗಲಿಲ್ಲ.

ವಸುಧಾ: ಅರ್ಧ ಸರಿ ನಾಗರಾಜ್ ಅವರೇ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಮೊದಲ ದಿನಗಳಲ್ಲಿ ಎಲ್ಲರನ್ನೂ ಹಿಡಿದು ಕೂರಿಸಿ "ಏನಾಯ್ತು ಪೂರ್ತಿ ಹೇಳಿ" ಅನ್ನುವ ಪದ್ಧತಿಯನ್ನೂ ಈಗ ಬೇಡ ಅನ್ನುತ್ತಾರೆ, ಅದರಿಂದ ಮುಂದಾಗುವುದು ತಪ್ಪಲಿಲ್ಲ. ಒಂದು ಕೇಳುತ್ತೇನೆ. ನಿಮ್ಮ ತಮ್ಮ ಎಷ್ಟು ದಿನಕ್ಕೆ ಮತ್ತೆ ಬೈಕ್ ಹತ್ತಿದರು?

ನಾಗರಾಜ್: ನಾಲ್ಕೈದು ದಿನ ಇರಬೇಕು. ಕೆಲಸಕ್ಕೆ ಹೋಗೋಕೆ ಬೇರೆ ದಾರಿ ಇರಲಿಲ್ಲ. ಬೈಕೊಂಡೇ ಹೋಗುತ್ತಿದ್ದ.

ವಸುಧಾ: ನೋಡಿದಿರಾ. ಆರು ತಿಂಗಳು ಬಿಟ್ಟಿರಿ ಅಂತ ನೀವು ಹೇಳುತ್ತಿದ್ದೀರಿ, ಅವರು ವಾರವೂ ಬಿಡಲಿಲ್ಲ. ದಿನಾ ಬೈಕ್ ಹತ್ತಿ ಏನೂ ಆಗದೆ ಇಳಿದಾಗ ಆ ಚೀಟಿ ಒಂದೊಂದೇ ಮೂಲೆಯಿಂದ ಬಿಡುತ್ತಾ ಬರುತ್ತದೆ. ದೂರ ಉಳಿದರೆ ಅದೇ ಹೊತ್ತಿಗೆ ಸಮಾಧಾನ ಸಿಗುತ್ತದೆ, ನಿಜ. ಆದರೆ ಮಿದುಳಿಗೆ ಸಿಗುವ ಪಾಠ "ದೂರ ಇದ್ದೆ, ಅದಕ್ಕೇ ಬದುಕಿದೆ" ಅಂತ. ಮುಂದಿನ ಸಲ ಇನ್ನೂ ದೂರದಿಂದಲೇ ಭಯ ಶುರು.

ನಿದ್ರೆ ಮಾತ್ರೆ ಬೇರೆಯವರು ಹೇಳಿದರು ಅಂತ ದಯವಿಟ್ಟು ತಗೊಳ್ಳಬೇಡಿ. ಅಲ್ಪ್ರಾಜೋಲಾಮ್ ಥರದವು ಅವತ್ತಿನ ಗಾಬರಿಯನ್ನು ಒತ್ತಿ ಹಿಡಿಯುತ್ತವೆ, ಇದನ್ನು ವಾಸಿ ಮಾಡುವುದಿಲ್ಲ, ರೂಢಿಯೂ ಆಗುತ್ತದೆ.

ಸುಮಾ: ನಾನು ದೂರ ಉಳಿದಿಲ್ಲವಲ್ಲ? ಗಂಡನ ಜೊತೆ ದಿನಾ ಕಾರಿನಲ್ಲಿ ಹೋಗುತ್ತೇನೆ. ಆದರೂ ಯಾಕೆ ಇಳಿದಿಲ್ಲ?

ವಸುಧಾ: ಒಳ್ಳೇ ಪ್ರಶ್ನೆ. ಕಾರಿನಲ್ಲಿ ಏನು ಮಾಡುತ್ತಾ ಕೂತಿರುತ್ತೀರಿ, ಹೇಳಿ.

ಸುಮಾ: ಪಕ್ಕದ ಕನ್ನಡಿ ನೋಡುತ್ತಿರುತ್ತೇನೆ. ಮೇಲಿನ ಹಿಡಿ ಬಿಡುವುದಿಲ್ಲ. ಸಿಗ್ನಲ್ ಬಂದರೆ ಕಣ್ಣು ಮುಚ್ಚುತ್ತೇನೆ. ಆ ಸಿಗ್ನಲ್ ತಪ್ಪಿಸೋಕೆ ಸುತ್ತು ಹಾಕಿಕೊಂಡು ಹೋಗುತ್ತೇವೆ.

ವಸುಧಾ: ಇವೂ ದೂರ ಉಳಿಯುವುದೇ, ಒಳಗೆ ಕೂತು ದೂರ ಉಳಿಯುವುದು. ಮನೆ ಮುಟ್ಟಿದಾಗ "ಕನ್ನಡಿ ನೋಡುತ್ತಿದ್ದೆ, ಅದಕ್ಕೇ ಏನೂ ಆಗಲಿಲ್ಲ" ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಓಡಿಸುವವರು ಆಗಾಗ ಕನ್ನಡಿ ನೋಡುವುದು ಬೇರೆ, ನೀವು ಕಣ್ಣು ಕೀಳದೆ ನೋಡುವುದು ಬೇರೆ.

ಚಿಕಿತ್ಸೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ಈಗ ನಡೆಯುತ್ತಿರುವಂತೆ ಹೇಳುವುದು. ಹೆಚ್ಚಿನವರು ಒಂದು ಜಾಗದಲ್ಲಿ ಹಾರಿಸಿಬಿಡುತ್ತಾರೆ. ಆಮೇಲೆ "ಜನ ಬಂದರು" ಅನ್ನುತ್ತಾರೆ. ನಾವು ಆ ಹಾರಿದ ಜಾಗಕ್ಕೇ ಮೆಲ್ಲಗೆ ವಾಪಸ್ ಹೋಗುತ್ತೇವೆ. ಅಲ್ಲೊಂದು ಯೋಚನೆ ಕೂತಿರುತ್ತದೆ, "ನನ್ನ ಕಥೆ ಮುಗೀತು" ಅಂತಲೋ, "ತಪ್ಪು ನನ್ನದೇ" ಅಂತಲೋ. ಇದನ್ನು ಒಬ್ಬರೇ ಮಾಡಬೇಡಿ. ಇಡೀ ಚಿಕಿತ್ಸೆಗೆ ಸಾಮಾನ್ಯವಾಗಿ 8ರಿಂದ 12 ಭೇಟಿ ಬೇಕಾಗುತ್ತದೆ.

ಎರಡನೆಯದು ಮೆಟ್ಟಿಲು ಹತ್ತುವುದು, ಅಂದರೆ ಕಡಿಮೆ ಭಯದ್ದರಿಂದ ಶುರು ಮಾಡಿ ಒಂದೊಂದಾಗಿ ಎದುರಿಸುವುದು. ಮೊದಲ ಮೆಟ್ಟಿಲನ್ನು ನೀವೇ ಶುರು ಮಾಡಬಹುದು. ಮೊದಲು ಗಡಿಯಾರಕ್ಕೆ ಸೆಲ್ ಹಾಕಿ. ಆಮೇಲೆ ನಿಲ್ಲಿಸಿದ ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಮಾಡದೆ ಇಂಡಿಕೇಟರ್ ಹಾಕಿ. ಭಯಕ್ಕೆ 0ರಿಂದ 100ರವರೆಗೆ ಅಂಕ ಕೊಡಿ. ಶುರುವಿನಲ್ಲಿ 70 ಇದ್ದರೆ 35ರ ಹತ್ತಿರ ಬರುವವರೆಗೆ ಕೂತಿರಿ, 20 ನಿಮಿಷವೋ 40 ನಿಮಿಷವೋ. ಹಾಡು ಬೇಡ, ಫೋನ್ ಬೇಡ. ಜನ ಎಡವುವುದು ಎಲ್ಲಿ ಗೊತ್ತಾ? 80ಕ್ಕೆ ಏರಿದಾಗ ಬಾಗಿಲು ತೆಗೆದು ಓಡುತ್ತಾರೆ. ಆಗ ಪಾಠ ಉಲ್ಟಾ ಆಗುತ್ತದೆ. ಆದರೆ ಕೂತಲ್ಲೇ ಎಲ್ಲಿದ್ದೇನೆ ಅನ್ನುವುದೇ ಮರೆತು ಲಾರಿ ಕಾಣಿಸತೊಡಗಿದರೆ ಮುಂದುವರಿಸಬೇಡಿ, ಚಿಕಿತ್ಸಕರ ಜೊತೆಗೇ ಮಾಡಿ. ಸದ್ಯಕ್ಕೆ ರಸ್ತೆಯಲ್ಲಿ ಓಡಿಸುವುದಂತೂ ಬೇಡ.

ಗೀತಾ: ನಡುವೆ ಬಂದೆ, ಬೇಜಾರಾಗಬೇಡಿ. ನನಗೆ ಅಪಘಾತದ ನೆನಪೇ ಇಲ್ಲ. ತಲೆಗೆ ಪೆಟ್ಟಾಗಿತ್ತು, ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ಎರಡು ತಿಂಗಳಾಯ್ತು, ಸಿಡುಕು, ತಲೆನೋವು, ಓದಿದ್ದು ತಲೆಗೆ ಹತ್ತಲ್ಲ. ನೆನಪೇ ಇಲ್ಲದವಳಿಗೆ ಯಾತರ ಪಿಟಿಎಸ್‌ಡಿ ಅಂತ ಮನೆಯಲ್ಲಿ ನಗುತ್ತಾರೆ.

ಇಮ್ರಾನ್: ಗೀತಾ ಅವರೇ, ಈ ಸಲ ಸರಿಯಾಗಿ ಓದಿಯೇ ಹೇಳುತ್ತಿದ್ದೇನೆ. ತಲೆಗೆ ಪೆಟ್ಟಾದ ಮೇಲೆ ಇದೆಲ್ಲ ಆ ಪೆಟ್ಟಿನಿಂದಲೇ ಬರಬಹುದು. ಡಾಕ್ಟರಿಗೆ ಮತ್ತೆ ತೋರಿಸಿ. ತಲೆನೋವು ದಿನೇ ದಿನೇ ಜೋರಾದರೆ, ವಾಂತಿ, ತೊದಲು, ಕೈಕಾಲು ಬಲವಿಲ್ಲದಿರುವುದು ಕಂಡರೆ ಅವತ್ತೇ ಹೋಗಿ.

ವಸುಧಾ: ಇಮ್ರಾನ್ ಹೇಳಿದ್ದು ಮೊದಲು ಆಗಲಿ. ಆಮೇಲೆ, ನೆನಪಿಲ್ಲದವರಿಗೂ ಪಿಟಿಎಸ್‌ಡಿ ಆಗಬಹುದು. ಕೆಲವರಿಗೆ ಡಿಕ್ಕಿ ನೆನಪಿರುವುದಿಲ್ಲ, ಎಚ್ಚರವಾದಾಗಿನ ಗಾಬರಿ ನೆನಪಿರುತ್ತದೆ. ಸಿಡುಕು, ನಿದ್ದೆ, ಗಮನ ಇವು ಎರಡರಲ್ಲೂ ಕೆಡುತ್ತವೆ, ಯಾವುದು ಯಾವುದರಿಂದ ಅಂತ ಬಿಡಿಸುವುದು ನಮಗೂ ಕಷ್ಟ. ಎರಡೂ ಒಟ್ಟಿಗೆ ಇರಬಹುದು.

ಸುಮಾ, ಹನ್ನೊಂದು ದಿನದ ನಂತರ: ಗಡಿಯಾರ ಓಡುತ್ತಿದೆ. ಮೊದಲ ರಾತ್ರಿ ಎದ್ದು ತೆಗೆಯೋಣ ಅನ್ನಿಸಿತು, ತೆಗೆಯಲಿಲ್ಲ. ಕಾರಿನಲ್ಲಿ ಇಂಡಿಕೇಟರ್ ಹಾಕಿ ಕೂತಾಗ ಮೊದಲ ದಿನ 75, ಮುಕ್ಕಾಲು ಗಂಟೆಯಾದರೂ 60ಕ್ಕಿಂತ ಇಳಿಯಲೇ ಇಲ್ಲ. ಅಳುತ್ತಾ ಒಳಗೆ ಬಂದೆ. ನಿನ್ನೆ 40ರಲ್ಲಿ ಶುರುವಾಗಿ 20ಕ್ಕೆ ಬಂತು. ಕನಸು ಮಾತ್ರ ಹಾಗೇ ಇದೆ. ಮನೋವೈದ್ಯರನ್ನು ನೋಡಿದೆ, ಪಿಟಿಎಸ್‌ಡಿ ಅಂದರು, ಸರ್ಟ್ರಾಲಿನ್ ಶುರು ಮಾಡೋಣವಾ ಅಂತ ಕೇಳಿದ್ದಾರೆ. ಬೇಕಾ ಮೇಡಂ?

ವಸುಧಾ: 60ಕ್ಕೆ ನಿಂತರೂ ಮುಕ್ಕಾಲು ಗಂಟೆ ಕೂತಿರಲ್ಲ, ನಿನ್ನೆಯ 40 ಬಂದಿದ್ದು ಅಲ್ಲಿಂದಲೇ. ಮಾತ್ರೆ ಬರೆಯುವವಳು ನಾನಲ್ಲ, ನಿರ್ಧಾರ ನೀವೂ ಅವರೂ ಕೂತು ಮಾಡಿ. ಸರ್ಟ್ರಾಲಿನ್ ನಿದ್ರೆ ಮಾತ್ರೆ ಥರ ಅಲ್ಲ, ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ತಾನಾಗಿ ನಿಲ್ಲಿಸಬಾರದು. ಮಾತಿನ ಚಿಕಿತ್ಸೆ ಸಿಗುವ ಹಾಗಿದ್ದರೆ ನಾನು ಮೊದಲು ಅದನ್ನೇ ಆರಿಸುತ್ತಿದ್ದೆ. ಆದರೆ ನಿದ್ದೆಯೇ ಇಲ್ಲದೆ ಅಲ್ಲಿ ಕೂರೋಕೂ ಆಗದವರನ್ನು ನೋಡಿದ್ದೇನೆ, ಅವರಿಗೆ ಎರಡೂ ಬೇಕಾಯ್ತು. ನೀವು ಯಾವ ಕಡೆ ಅನ್ನುವುದನ್ನು ಇಲ್ಲಿಂದ ನೋಡಲಾರೆ.

ನಾಗರಾಜ್: ತಮ್ಮನನ್ನು ಕೇಳಿದೆ. ಬಿದ್ದ ಆ ತಿರುವಿನಲ್ಲಿ ಇವತ್ತಿಗೂ ಒಂದು ಕಾಲು ನೆಲಕ್ಕೆ ಇಳಿಸಿಕೊಂಡೇ ಹೋಗ್ತಾನಂತೆ. ಒಂಬತ್ತು ವರ್ಷ ಆಯ್ತು. ನನಗೆ ಹೇಳಿಯೇ ಇರಲಿಲ್ಲ.