ಅಪ್‌ಡೇಟ್: ರೋಹಿಣಿ ಪಕ್ಕದ ಬಿಳಿ ಚುಕ್ಕೆ ಯಾವುದೆಂದು ಗೊತ್ತಾಯ್ತು

ನಾನು ಕೇಳಿದ್ದು: "ಜನವರಿ 20, 2025ರ ರಾತ್ರಿ ಎಂಟೂವರೆಗೆ ವಿಜಯಪುರದ ನಮ್ಮ ಮಾಳಿಗೆ ಮೇಲಿಂದ ಫೋನಲ್ಲಿ ತೆಗೆದ ಫೋಟೋ. ನೆತ್ತಿಯ ಹತ್ತಿರ ಕಿತ್ತಳೆ ಚುಕ್ಕೆ, ಪಕ್ಕದಲ್ಲಿ ಭಾರಿ ಬಿಳಿ ಚುಕ್ಕೆ. ಯಾವುವು ಇವು?"

ಕೆಲಸಕ್ಕೆ ಬಂದದ್ದು, ಫೋಟೋ ಹಾಕಿದರೆ ಅದರಲ್ಲಿರುವ ನಕ್ಷತ್ರಗಳನ್ನು ಗುರುತಿಸುವ nova.astrometry.net ಸೈಟಿನ ಸಲಹೆ. ಮೊದಲ ಸಲ ಫೇಲ್ ಆಯ್ತು. ಫೋಟೋದ ಅಂಚಿನಲ್ಲಿ ನೀರಿನ ಟ್ಯಾಂಕು, ಪಕ್ಕದ ಮನೆ ಲೈಟು ಇದ್ದವು. ಬರೀ ಆಕಾಶ ಉಳಿಯುವಂತೆ ಕತ್ತರಿಸಿ ಹಾಕಿದೆ, ಕೃತ್ತಿಕೆ, ರೋಹಿಣಿ ಎರಡರ ಮೇಲೂ ಹೆಸರು ಬಂತು. ಕಿತ್ತಳೆ ಚುಕ್ಕೆಯೇ ರೋಹಿಣಿ, ಅಂದರೆ ಆಲ್ಡೆಬರಾನ್. ತಮಾಷೆ ಎಂದರೆ ಎಲ್ಲಕ್ಕಿಂತ ಹೊಳೆಯುವ ಚುಕ್ಕೆಗೇ ಹೆಸರಿಲ್ಲ! ಆ ಸೈಟು ಹೋಲಿಸುವುದು ನಕ್ಷತ್ರಗಳ ಪಟ್ಟಿ ಜೊತೆ. ಗ್ರಹಗಳು ಜಾಗ ಬದಲಿಸುತ್ತವೆ, ಹಾಗಾಗಿ ಪಟ್ಟಿಯಲ್ಲಿ ಇರುವುದಿಲ್ಲ. ಹೆಸರಿಲ್ಲದಿರುವುದೇ ಸುಳಿವು. ಆಯಾ ಹೊತ್ತಿನ ಆಕಾಶ ತೋರಿಸುವ ಸ್ಟೆಲೇರಿಯಮ್‌ನಲ್ಲಿ ಅದೇ ಊರು, ದಿನ, ಸಮಯ ಕೊಟ್ಟು ನೋಡಿದೆ. ಗುರು ಗ್ರಹ, ರೋಹಿಣಿಯಿಂದ ಸುಮಾರು 5 ಡಿಗ್ರಿ ಉತ್ತರಕ್ಕೆ. ಸಮಯವನ್ನು ಮೂಲ ಫೋಟೋದ ವಿವರದಿಂದಲೇ ತಗೊಳ್ಳಿ. ತಮ್ಮನಿಗೆ ಕಳಿಸಿದ ಕಾಪಿಯಲ್ಲಿ ಅದು ಅಳಿಸಿಹೋಗಿತ್ತು.

"ಮಿನುಗದಿದ್ದರೆ ಗ್ರಹ" ಎಂಬ ಸಲಹೆ ಫೋಟೋಗೆ ಉಪಯೋಗಕ್ಕೆ ಬರಲಿಲ್ಲ. 3 ಸೆಕೆಂಡಿನ ಫೋಟೋದಲ್ಲಿ ಯಾವುದೂ ಮಿನುಗಲ್ಲ ಅಲ್ವಾ.

"ವಾರ ಬಿಟ್ಟು ಇನ್ನೊಂದು ಫೋಟೋ ತೆಗೆಯಿರಿ, ಗ್ರಹವಾದರೆ ಸರಿದಿರುತ್ತದೆ" ಅಂದಿದ್ದರು ಒಬ್ಬರು. ತೆಗೆದೆ. ಕಣ್ಣಿಗೆ ಕಾಣುವಷ್ಟು ಸರಿದೇ ಇರಲಿಲ್ಲ! ನಕ್ಷತ್ರವೇ ಇರಬೇಕು ಅಂತ ಒಂದು ದಿನ ತಲೆ ಕೆಟ್ಟಿತ್ತು. ಅವ್ವ ಪಂಚಾಂಗ ನೋಡಿ, "ಗುರು ವಕ್ರಿ ಇದ್ದಾನ, ಫೆಬ್ರವರಿ 4ಕ್ಕ ತಿರುಗತಾನ" ಅಂದಳು. ವಕ್ರಿ ಎಂದರೆ ನಕ್ಷತ್ರಗಳ ನಡುವೆ ಹಿಮ್ಮುಖವಾಗಿ ಸರಿಯುವಂತೆ ಕಾಣುವುದು. ಹೀಗೆ ದಿಕ್ಕು ಬದಲಿಸುವ ದಿನಗಳ ಆಸುಪಾಸಿನಲ್ಲಿ ಗ್ರಹ ನಿಂತಂತೆಯೇ ಕಾಣುತ್ತದೆ.