ಟೈ: ಕಾಲರ್‌ನೊಳಗೆ ‘ಸಿಕ್ಕಿಸುವುದು’ ಸರಿಯಾದ ಪದವೇ?

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆಯ ಬಯೋಡಾಟಾಕ್ಕೆ ಫೋಟೊ ತೆಗೆಸಲು ಬರುವ ಹುಡುಗರಿಗೆ ಟೈ ಬೇಕು, ಆದರೆ ಕಟ್ಟಿಕೊಳ್ಳಲು ಬರುವುದಿಲ್ಲ. ನಮ್ಮೂರಿನ ಮೇ ತಿಂಗಳಲ್ಲಿ ಕಟ್ಟಿಕೊಳ್ಳಲು ಬರುವವರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಬರಿಯ ಅಂಗಿಯಲ್ಲಿ ಫೋಟೊ ತೆಗೆದು, ಆಮೇಲೆ ಫೋಟೊಶಾಪ್‌ನಲ್ಲಿ ಟೈ ಹಾಕುತ್ತೇವೆ. (ಪಾಸ್‌ಪೋರ್ಟ್ ಫೋಟೊಕ್ಕೆ ಈ ಕೆಲಸ ಮಾಡುವುದಿಲ್ಲ, ಅದರ ಚರ್ಚೆ ಇಲ್ಲಿ ಬೇಡ.)

ಹೊಸದಾಗಿ ಸೇರಿದ ಇಬ್ಬರು ಹುಡುಗರಿಗಾಗಿ ಕನ್ನಡದಲ್ಲೇ ಸೂಚನೆ ಬರೆದು ಗೋಡೆಗೆ ಅಂಟಿಸಿದೆ. ಅದರಲ್ಲಿ ಮೂರು ವಾಕ್ಯಗಳಿದ್ದವು: ‘ಟೈಯ ಕುಣಿಕೆ ಕೊರಳ ನಡುವೆ ಬರಲಿ. ಟೈಯನ್ನು ಕಾಲರ್‌ನೊಳಗೆ ಸಿಕ್ಕಿಸು. ಟೈ ಗುಂಡಿಗಳ ಮೇಲೆ ನೇರವಾಗಿ ಬೀಳಲಿ.’ ಮೂರೂ ಕೈಕೊಟ್ಟವು.

‘ಸಿಕ್ಕಿಸು’ ಎಂದದ್ದಕ್ಕೆ ಒಬ್ಬ ಹುಡುಗ ಟೈಯ ಮೇಲ್ತುದಿಯನ್ನು ಕಾಲರ್‌ನ ಅಂಚಿನವರೆಗೆ ರಬ್ಬರಿನಿಂದ ಅಳಿಸಿಬಿಟ್ಟ. ದೂರದಿಂದ ಚೆನ್ನಾಗಿಯೇ ಕಂಡಿತು. ಗಿರಾಕಿ ‘ಸ್ವಲ್ಪ ಕೆಳಗಿಳಿಸಿ’ ಎಂದಾಗ ಇಳಿಸಿದರೆ, ಕಾಲರಿಗೂ ಟೈಗೂ ನಡುವೆ ದಾರದಷ್ಟು ದಪ್ಪದ ಬಿಳಿ ಗೆರೆ ಬಾಯಿಬಿಟ್ಟಿತು. ಅಳಿಸಿದ ಭಾಗ ಮರಳಿ ಬರಲಿಲ್ಲ. ಇನ್ನೊಂದು ಫೋಟೊದಲ್ಲಿ ವರ ತುಸು ಓರೆಯಾಗಿ ಕುಳಿತಿದ್ದ. ‘ನೇರವಾಗಿ’ ಎಂಬುದನ್ನು ಹಿಡಿದು ಎರಡನೆಯವನು ಟೈಯನ್ನು ಗೋಡೆಗೆ ನೇತುಹಾಕಿದ ತೂಗುಗುಂಡಿನಂತೆ ಇಳಿಸಿದ. ಗುಂಡಿಗಳ ಸಾಲು ಓರೆಯಾಗಿತ್ತು. ಎರಡು ಗುಂಡಿಗಳು ಪಕ್ಕದಿಂದ ಇಣುಕಿದವು. ಇನ್ನು ‘ಕುಣಿಕೆ’. ವರನ ತಾಯಿ ಪಕ್ಕದಲ್ಲೇ ಕುಳಿತಿರುವಾಗ ಹುಡುಗ ‘ಕುಣಿಕೆ ಇನ್ನೂ ಬಿಗಿ ಮಾಡಲೇ?’ ಎಂದು ಕೂಗಿ ಕೇಳಿದ. ಆ ತಾಯಿಯ ಮುಖ ನೋಡಿ ನಾನೇ ಎದ್ದು ಹೋಗಿ ಚಹಾ ಹೇಳಿದೆ.

ಈ ಮೂರಕ್ಕೂ ನೀವು ಯಾವ ಪದ ಬಳಸುತ್ತೀರಿ?

ಯಾದಗಿರಿಯಿಂದ, ನಿವೃತ್ತ ಅಧ್ಯಾಪಕ:

ಮೊದಲು ಟೈಗೇ ಕನ್ನಡ ಪದ ಬೇಡವೇ? ‘ಕೊರಳಪಟ್ಟಿ’ ಎನ್ನಿ. ‘ಕಂಠಕೌಪೀನ’ ತಮಾಷೆಯ ಪದ, ಗಿರಾಕಿಯ ಎದುರು ಬೇಡ. ಗಂಟಿನ ವಿಷಯದಲ್ಲಿ ಮಾತ್ರ ನಿಮ್ಮ ಹುಡುಗನದು ತಪ್ಪಲ್ಲ. ಒಂದು ತುದಿ ಎಳೆದರೆ ಬಿಗಿಯುವ, ಸಡಿಲಿಸಿದರೆ ಜಾರುವ ಗಂಟಿಗೆ ಕನ್ನಡದಲ್ಲಿ ‘ಜೀರುಗುಣಿಕೆ’ ಎನ್ನುತ್ತಾರೆ. ಟೈಯ ಸಣ್ಣ ತುದಿ ಹಿಡಿದು ಗಂಟನ್ನು ಮೇಲೆ ಸರಿಸುತ್ತೇವಲ್ಲ, ಅದು ಅದೇ. ನೇಣಿನ ನೆನಪಾಗುತ್ತದೆ ಎಂದು ಒಳ್ಳೆಯ ಪದವನ್ನು ಬಿಡಬೇಕೇ? ದನದ ಹಗ್ಗಕ್ಕೂ ಕುಣಿಕೆ ಇದೆ. ಇನ್ನು, ‘ಗುಂಡಿಗಳ ಮೇಲೆ ಬೀಳಲಿ’ ಎಂದು ಬರೆದವರು ನೀವು, ಹಳ್ಳಕ್ಕೆ ಬಿದ್ದರೆ ಹುಡುಗರನ್ನೇಕೆ ಬೈಯುತ್ತೀರಿ?

ಕಲಬುರಗಿಯಿಂದ, ಸೀರೆ ವ್ಯಾಪಾರದವರು:

ಅಣ್ಣಾ, ಇದಕ್ಕೆ ಹೊಸ ಪದ ಏಕೆ ಬೇಕು? ನಾವು ದಿನವೂ ‘ಫಾಲ್’ ಎನ್ನುತ್ತೇವೆ. ಫಾಲ್ ಹಚ್ಚಿದರೆ ಸೀರೆ ನೇರವಾಗಿ ಇಳಿಯುತ್ತದೆ, ನಿರಿಗೆ ಚೆದರುವುದಿಲ್ಲ. ಟೈಗೂ ಒಳಗಡೆ ಅಂಥದೊಂದು ಪಟ್ಟಿ ಹಚ್ಚಿಸಿ, ಓರೆಯಾಗುವುದಿಲ್ಲ. ನನ್ನ ತಮ್ಮನ ಟೈ ಯಾವಾಗಲೂ ಸುರುಳಿ ಸುತ್ತಿಕೊಳ್ಳುತ್ತಿತ್ತು, ಹೊಲಿಗೆ ಬಿಚ್ಚಿ ನೋಡಿದರೆ ಒಳಗಿನ ಬಟ್ಟೆ ಹರಿದಿತ್ತು.

ಬೀದರ್‌ನಿಂದ, ಟೈಲರ್:

ಅಕ್ಕಾ, ಟೈಯೊಳಗೆ ಪಟ್ಟಿ ಇರುವುದು ನಿಜ, ಆದರೆ ಇಲ್ಲಿ ಟೈಯೇ ಇಲ್ಲ, ಅದರ ಚಿತ್ರವಿದೆ. ಗುರುಗಳಿಗೂ ಒಂದು ಮಾತು. ಜಗಳದಲ್ಲಿ ಕೊರಳಪಟ್ಟಿ ಹಿಡಿದರು ಎಂದರೆ ಹಿಡಿದದ್ದು ಕಾಲರನ್ನು, ಟೈಯನ್ನಲ್ಲ. ಟೈಗೂ ಅದನ್ನೇ ಅಂದರೆ ‘ಕೊರಳಪಟ್ಟಿಯ ಮೇಲೆ ಕೊರಳಪಟ್ಟಿ ಮಡಿಸು’ ಎಂದು ಬರೆಯಬೇಕಾಗುತ್ತದೆ.

ಸ್ಟುಡಿಯೊ ಅಣ್ಣನವರೇ, ನಿಮ್ಮ ತೊಂದರೆಯ ಬೇರು ‘ಸಿಕ್ಕಿಸು’ ಎಂಬ ಪದದಲ್ಲಿದೆ. ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, ಕಚ್ಚೆಯನ್ನು ಹಿಂದೆ ಸಿಕ್ಕಿಸುತ್ತಾರೆ. ಅಲ್ಲಿ ಬಟ್ಟೆಯ ತುದಿ ಒಳಗೆ ಹೋಗುತ್ತದೆ. ಟೈಯಲ್ಲಿ ಯಾವ ತುದಿಯೂ ಒಳಗೆ ಹೋಗುವುದಿಲ್ಲ. ಕಾಲರನ್ನು ಮೇಲಕ್ಕೆ ಎಬ್ಬಿಸಿ, ಮೇಲಿನ ಗುಂಡಿ ಹಾಕಿ, ಟೈಯನ್ನು ಕೊರಳ ಸುತ್ತ ತಂದು, ಗಂಟು ಬಿಗಿದು, ಕೊನೆಗೆ ಕಾಲರನ್ನು ಅದರ ಮೇಲೆ ಮಡಿಸುತ್ತೇವೆ. ಟೈ ಇದ್ದಲ್ಲೇ ಇರುತ್ತದೆ, ಕೆಲಸ ಮಾಡುವುದು ಕಾಲರ್. ಹಾಗಾಗಿ ‘ಕಾಲರನ್ನು ಟೈಯ ಮೇಲೆ ಮಡಿಸು’ ಎನ್ನಿ.

ಗಂಟಿಗೆ ನಮ್ಮ ಅಂಗಡಿಯಲ್ಲಿ ‘ಗಂಟು’ ಎಂದೇ ಹೇಳುತ್ತೇವೆ. ನಮ್ಮ ಅಬ್ಬಾ ‘ಗಿರಹ್’ ಎನ್ನುತ್ತಿದ್ದರು. ಆದರೆ ಅವರಿಗೆ ಗಿರಹ್ ಎಂದರೆ ಅಳತೆಯೂ ಹೌದು, ಗಜದ ಹದಿನಾರನೆಯ ಒಂದು ಪಾಲು, ಎಂದರೆ ಎರಡೂಕಾಲು ಇಂಚು. ನಿಮ್ಮ ಹುಡುಗರು ಸ್ಕೇಲ್ ಹಿಡಿದುಕೊಂಡು ಬಂದಾರು, ಬೇಡ. ‘ಕೊರಳ ನಡುವೆ’ ಎಂಬುದನ್ನೂ ತೆಗೆಯಿರಿ. ಗಂಟು ಕೂರುವುದು ಕಾಲರ್‌ನ ಎರಡು ಎಲೆಗಳು ಕೂಡುವ ಕವಲಿನಲ್ಲಿ. ಮೇಲಿನ ಗುಂಡಿ ಕಂಡಿತೆಂದರೆ ಗಂಟು ಕೆಳಗೆ ಜಾರಿದೆ ಎಂದರ್ಥ. ಸಾದಾ ಗಂಟು ಒಂದು ಕಡೆ ಸ್ವಲ್ಪ ವಾಲಿರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ. ಗಂಟಿನ ಕೆಳಗೆ ಬಟ್ಟೆ ಒಳಕ್ಕೆ ಬಿದ್ದು ಒಂದು ತಗ್ಗಾಗುತ್ತದಲ್ಲ, ಕೆನ್ನೆಯ ಗುಳಿಯಂತೆ, ಅದಕ್ಕೆ ನಾನು ‘ಗುಳಿ’ ಎನ್ನುತ್ತೇನೆ. ಬೇರೆಯವರು ಏನೆನ್ನುತ್ತಾರೋ.

ಮತ್ತೆ ನಾನು, ಸ್ಟುಡಿಯೊದಿಂದ:

ಟೈಲರ್ ಅಣ್ಣನವರ ಮಾತು ಓದಿ ಅದೇ ಫೋಟೊವನ್ನು ಮತ್ತೆ ಮಾಡಿಸಿದೆ. ಈ ಸಲ ಹುಡುಗನಿಗೆ ಹೇಳಿದ್ದು ಇಷ್ಟೇ: ಟೈಯನ್ನು ಮುಟ್ಟಬೇಡ, ಕಾಲರನ್ನು ಎತ್ತು. ಅವನು ಪೆನ್ ಟೂಲ್‌ನಿಂದ ಕಾಲರ್‌ನ ಎರಡು ಎಲೆಗಳ ಸುತ್ತ ಗೆರೆ ಎಳೆದು, ಅದನ್ನು ಸೆಲೆಕ್ಷನ್ ಮಾಡಿ, ಅಂಗಿಯ ಲೇಯರ್‌ನಲ್ಲಿ Ctrl+J ಒತ್ತಿ ಆ ಎಲೆಗಳ ಪ್ರತಿಯನ್ನು ಬೇರೆ ಲೇಯರ್ ಆಗಿ ಎತ್ತಿದ. ಅದನ್ನು ಟೈಯ ಮೇಲಿಟ್ಟ. ಟೈ ಪೂರ್ತಿ ಉಳಿದಿದೆ, ಅದರ ಮೇಲ್ಭಾಗ ಕಾಲರ್‌ನ ಅಡಿಯಲ್ಲಿ ಮರೆಯಾಗಿದೆ. ಈಗ ಟೈಯನ್ನು ಅತ್ತಿತ್ತ ಸರಿಸಿದರೂ ಬಿಳಿ ಗೆರೆ ಕಾಣುವುದಿಲ್ಲ. ಕಾಲರ್‌ನ ನೆರಳು ಟೈಯ ಮೇಲೆ ಬೀಳದಿದ್ದಾಗ ಕತ್ತರಿಸಿ ಅಂಟಿಸಿದಂತೆ ಕಂಡಿತು. ಅಂಚಿಗೆ ಅಂಟಿಕೊಂಡಂತೆ, ಸಣ್ಣದಾಗಿ, ಮುಖಕ್ಕೆ ಬೆಳಕು ಬಿದ್ದ ಕಡೆಯಲ್ಲಿ ಕಡಿಮೆಯಾಗಿ ನೆರಳು ಕೊಟ್ಟ ಮೇಲೆ ಕೂತುಕೊಂಡಿತು.

‘ಬೀಳಲಿ’ ಎಂಬುದನ್ನು ‘ಗುಂಡಿಗಳ ಸಾಲು ಹಿಡಿದು ಇಳಿಯಲಿ’ ಎಂದು ಬದಲಿಸಿದ್ದೇನೆ. ಬಿದ್ದದ್ದು ಭೂಮಿಯ ಕಡೆಗೆ ಹೋಗುತ್ತದೆ, ಇಳಿಯುವುದು ಮೈಯ ಮೇಲಿನಿಂದ ಇಳಿಯುತ್ತದೆ. ಟೈಯ ಲೇಯರನ್ನು ಅರ್ಧ ಪಾರದರ್ಶಕ ಮಾಡಿದರೆ ಅಡಿಯ ಗುಂಡಿಗಳು ಕಾಣುತ್ತವೆ. ಟೈಯ ನಡುಗೆರೆ ಒಂದೊಂದು ಗುಂಡಿಯ ಮೇಲೂ ಹಾಯುವಂತೆ ವಾರ್ಪ್‌ನಲ್ಲಿ ಬಾಗಿಸಿ, ಆಮೇಲೆ ಪಾರದರ್ಶಕತೆ ತೆಗೆಯಬೇಕು. ಓರೆಯಾಗಿ ಕುಳಿತ ವರನ ಟೈಯೂ ಈಗ ಅವನ ಜೊತೆಗೇ ಓರೆಯಾಗಿದೆ.

ಮೇಲಿನ ಗುಂಡಿ ಬಿಚ್ಚಿರುವ ಫೋಟೊ ಬಂದರೆ ಮಾತ್ರ ಯಾವ ಪದವೂ ನಡೆಯುವುದಿಲ್ಲ. ಎಲೆಗಳು ಅಗಲವಾಗಿ ತೆರೆದಿರುತ್ತವೆ, ನಡುವೆ ಕೊರಳಿನ ಚರ್ಮ ಕಾಣುತ್ತದೆ, ಗಂಟು ಅಲ್ಲಿ ಗಾಳಿಯಲ್ಲಿ ನಿಂತಂತಾಗುತ್ತದೆ. ಗುಂಡಿ ಹಾಕಿಸಿ ಮತ್ತೊಂದು ಫೋಟೊ ತೆಗೆಯುವುದೇ ಲೇಸು.

‘ಗಂಟು’ ಗೋಡೆಗೆ ಹೋಯಿತು. ಗುರುಗಳು ಜೀರುಗುಣಿಕೆ ಬಿಟ್ಟುಕೊಟ್ಟಿಲ್ಲ, ನಿನ್ನೆ ಇನ್ನೊಂದು ಪತ್ರ ಬರೆದಿದ್ದಾರೆ. ‘ಗುಳಿ’ ಹುಡುಗರ ಬಾಯಿಗೆ ಇನ್ನೂ ಹತ್ತಿಲ್ಲ. ಒಬ್ಬ ‘ತಗ್ಗು’ ಎನ್ನುತ್ತಾನೆ, ಇನ್ನೊಬ್ಬ ಬೆರಳಿಟ್ಟು ‘ಇದು’ ಎನ್ನುತ್ತಾನೆ.