ಎನ್‌ಎವಿ ಶುರುವಿನಲ್ಲೂ 50, ಕೊನೆಯಲ್ಲೂ 50. ನನಗೆ ಯಾಕೆ ನಷ್ಟ?

ಹಾಸನದ ಮೇಷ್ಟ್ರು: ಮೇಡಂ, ತಿಂಗಳಿಗೆ 6,000 ಎಸ್‌ಐಪಿ ಹಾಕಿ ವರ್ಷ ಆಯಿತು. ಶುರು ಮಾಡಿದಾಗ ಎನ್‌ಎವಿ 50 ಇತ್ತು, ಈಗಲೂ 50. ಆದರೆ ನನ್ನ 72,000 ರೂಪಾಯಿ 64,300 ಆಗಿ ಕೂತಿದೆ. ನಮ್ಮ ಸ್ಟಾಫ್‌ರೂಮಿನಲ್ಲಿ ಇನ್ನೊಬ್ಬರದು ಬೇರೆ ಫಂಡ್. ಅವರದೂ ಹೆಚ್ಚೂಕಮ್ಮಿ 50ರಿಂದ 50. ಅವರಿಗೆ 83,000 ಇದೆ! ಎಲ್ಲೋ ಲೆಕ್ಕ ತಪ್ಪಿದೆ ಅಲ್ವಾ?

ವಿತರಕಿ, ದಾವಣಗೆರೆ: ಸರ್, ಇಬ್ಬರದೂ ಸ್ಟೇಟ್‌ಮೆಂಟ್ ನೋಡಿ, ಪ್ರತಿ ತಿಂಗಳ ಎನ್‌ಎವಿ ಬರೆದು ಹಾಕಿ. ಫೋಲಿಯೋ ನಂಬರ್ ಇಲ್ಲಿ ಹಾಕಬೇಡಿ.

ಮಂಡ್ಯ ಟ್ರಾಕ್ಟರ್: ಎಸ್‌ಐಪಿಗೆ 5ನೇ ತಾರೀಕು ಒಳ್ಳೆಯದಾ, 25 ಒಳ್ಳೆಯದಾ ಮೇಡಂ?

ವಿತರಕಿ, ದಾವಣಗೆರೆ: ಸಂಬಳ ಬಂದ ಮರುದಿನ ಅಥವಾ ಅದರ ಮರುದಿನ.

ಹಾಸನದ ಮೇಷ್ಟ್ರು: ಪೈಸೆ ಬಿಟ್ಟು ಬರೆದಿದ್ದೇನೆ. ನನ್ನದು: 50, 52, 55, 58, 60, 62, 64, 60, 58, 55, 52, 50. ಅವರದು: 50, 48, 45, 42, 40, 38, 36, 40, 42, 45, 48, 50.

ಕನಿಷ್ಠ ಬೆಲೆ: ಮೇಷ್ಟ್ರೇ, ರೂಪಾಯಿ ಕಾಸ್ಟ್ ಆವರೇಜಿಂಗ್‌ನಲ್ಲಿ ನಷ್ಟ ಆಗುವುದೇ ಇಲ್ಲ. ಬೆಲೆ ಇಳಿದಾಗ ಯುನಿಟ್ ಜಾಸ್ತಿ ಬರುತ್ತವೆ, ಏರಿದಾಗ ಕಡಿಮೆ. ಹಾಗಾಗಿ ನಮಗೆ ಬೀಳುವ ಬೆಲೆ ಮಾರುಕಟ್ಟೆ ಸರಾಸರಿಗಿಂತ ಯಾವಾಗಲೂ ಕೆಳಗೇ ಇರುತ್ತದೆ. ಟೊಮೆಟೊ ಅಗ್ಗ ಆದಾಗ ಎರಡು ಕೆಜಿ ತರುವುದಿಲ್ಲವೇ, ಹಾಗೆ. ನಿಮ್ಮ ಆ್ಯಪ್ ತಪ್ಪು ತೋರಿಸುತ್ತಿರಬೇಕು.

ವಿತರಕಿ, ದಾವಣಗೆರೆ: ಆ್ಯಪ್ ಸರಿಯಾಗಿಯೇ ತೋರಿಸುತ್ತಿದೆ. ಮೇಷ್ಟ್ರ ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ತಿಂಗಳು ಎನ್‌ಎವಿ, ಅಂದರೆ ಒಂದು ಯುನಿಟ್ಟಿನ ಬೆಲೆ, 50 ಇತ್ತು. 6,000ಕ್ಕೆ 120 ಯುನಿಟ್ ಬಂದವು. ಎನ್‌ಎವಿ 64 ಇದ್ದ ತಿಂಗಳು 94 ಕೂಡ ಬರಲಿಲ್ಲ. ಹನ್ನೆರಡು ತಿಂಗಳದ್ದೂ ಕೂಡಿಸಿದರೆ ನಿಮ್ಮ ಹತ್ತಿರ ಸುಮಾರು 1,286 ಯುನಿಟ್ ಇವೆ. 72,000ವನ್ನು ಅದರಿಂದ ಭಾಗಿಸಿದರೆ ಒಂದು ಯುನಿಟ್ಟಿಗೆ ನೀವು ಕೊಟ್ಟದ್ದು 55 ರೂಪಾಯಿ 97 ಪೈಸೆ. ಇವತ್ತು ಅದಕ್ಕೆ ಸಿಗುವುದು 50. ನಷ್ಟ ಇರುವುದು ಅಲ್ಲೇ.

ನಿಮ್ಮ ಹನ್ನೆರಡು ಎನ್‌ಎವಿಗಳ ಸಾದಾ ಸರಾಸರಿ 56 ರೂಪಾಯಿ 33 ಪೈಸೆ. "ಕನಿಷ್ಠ ಬೆಲೆ"ಯವರು ಹೇಳಿದ ಎರಡನೇ ಅರ್ಧ ಮಾತ್ರ ನಿಜ. ಸರಾಸರಿಗಿಂತ ಕಡಿಮೆಗೇ ಸಿಕ್ಕಿದೆ. ಎಷ್ಟು ಕಡಿಮೆಗೆ? 36 ಪೈಸೆ. ಎಲ್ಲರೂ ಕುಣಿದಾಡುವ ಆವರೇಜಿಂಗ್ ಲಾಭ ನಿಮ್ಮ ವರ್ಷದಲ್ಲಿ ಇಷ್ಟೇ.

ನಿಮ್ಮ ಸಹೋದ್ಯೋಗಿಗೆ ಸಿಕ್ಕಿದ್ದು 1,667 ಯುನಿಟ್, ಒಂದಕ್ಕೆ 43 ರೂಪಾಯಿ 19 ಪೈಸೆಯ ಹಾಗೆ. ಅವರಿಗೂ ಆವರೇಜಿಂಗ್‌ನಿಂದ ಉಳಿದದ್ದು 47 ಪೈಸೆ ಮಾತ್ರ. ಅವರ ಲಾಭ ಬಂದದ್ದು ಆ ಪೈಸೆಗಳಿಂದ ಅಲ್ಲ. ವರ್ಷದ ನಡುವೆ ಬೆಲೆ ಕುಸಿದು, ಕೊನೆಗೆ ಎದ್ದದ್ದರಿಂದ. ನಿಮ್ಮದು ನಡುವೆ ಏರಿ, ಕೊನೆಗೆ ಇಳಿಯಿತು. ಶುರು ಮತ್ತು ಕೊನೆಯ ಬೆಲೆ ನೋಡಿ ಎಸ್‌ಐಪಿ ಅಳೆಯಲು ಆಗುವುದಿಲ್ಲ. ನಡುವಿನ ಬೆಲೆಗಳು ಇವತ್ತಿನ ಬೆಲೆಗಿಂತ ಮೇಲಿದ್ದವೋ ಕೆಳಗಿದ್ದವೋ ಎಂದು ನೋಡಬೇಕು.

ಇದು ಕಾಗದದ ಮೇಲಿನ ಲೆಕ್ಕ ಅಂದುಕೊಳ್ಳಬೇಡಿ. 2024ರ ಮಾರ್ಚ್ ಕೊನೆಗೆ ನಿಫ್ಟಿ 22,300ರ ಆಸುಪಾಸು ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ 26,000 ದಾಟಿತು. 2025ರ ಫೆಬ್ರುವರಿ ಕೊನೆಗೆ ಮತ್ತೆ 22,100. ಆ ಹನ್ನೆರಡು ತಿಂಗಳು ಇಂಡೆಕ್ಸ್ ಫಂಡಿಗೆ ಹಾಕಿದವರೂ ನಷ್ಟದಲ್ಲೇ ಇದ್ದರು.

ಟೊಮೆಟೊ ಮಾತು ಬಿಡಿ. ಟೊಮೆಟೊ ತಂದರೆ ತಿನ್ನುತ್ತೇವೆ. ಯುನಿಟ್ ಕೊಂಡರೆ ಒಂದು ದಿನ ಮಾರಲೇಬೇಕು.

ಕನಿಷ್ಠ ಬೆಲೆ: ನಾನು ಹೇಳಿದ್ದೂ ಅದೇ ಅಲ್ವಾ.

ಹಾಸನದ ಮೇಷ್ಟ್ರು: ಈಗ ಅರ್ಥ ಆಯಿತು. ಹಾಗಾದರೆ ನಿಲ್ಲಿಸಿಬಿಡಲೇ?

ಮಂಡ್ಯ ಟ್ರಾಕ್ಟರ್: ಒಂದು ಮೆಸೇಜ್ ಬಂದಿದೆ, ನೋಡಿ: "ಎಕ್ಸ್‌ಪೈರಿ ದಿನ ಎನ್‌ಎವಿ ಬೀಳುತ್ತದೆ, ಅವತ್ತೇ ಎಸ್‌ಐಪಿ ಹಾಕಿ, ಎನ್‌ಎವಿ ಮೂರು ದಿನ ಏರಿದರೆ ಪಾಸ್ ಮಾಡಿ, 20 ಜನಕ್ಕೆ ಕಳಿಸಿ." ಇದು ನಿಜವಾ?

ವಿತರಕಿ, ದಾವಣಗೆರೆ: ಇಲ್ಲ. ಫಾರ್ವರ್ಡ್ ಹಾಕಬೇಡಿ ಎಂದು ಗುಂಪಿನ ಮೇಲೇ ಬರೆದಿದೆ.

ಮೇಷ್ಟ್ರೇ, ನಿಲ್ಲಿಸಿದರೆ ನೀವು 56 ಬರುವವರೆಗೆ ಕಾಯಬೇಕು. ಮುಂದುವರಿಸಿ, ಬೆಲೆ ಇನ್ನೊಂದು ವರ್ಷ 50ರಲ್ಲೇ ನಿಂತಿತು ಅನ್ನಿ. ತಿಂಗಳಿಗೆ 120ರ ಹಾಗೆ 1,440 ಯುನಿಟ್ ಸೇರುತ್ತವೆ. ಆಗ ನಿಮ್ಮ ಸರಾಸರಿ 53ಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಅಂದರೆ ಮೂರು ರೂಪಾಯಿ ಏರಿದರೆ ಸಾಕು, ಅಸಲು ವಾಪಸ್. ಆದರೆ ಏರಬೇಕು. ಇಳಿಯುತ್ತಲೇ ಹೋಗುವ ಫಂಡಿಗೆ ಹಾಕುತ್ತಾ ಹೋದರೆ ಸರಾಸರಿ ಇಳಿಯುತ್ತದೆ, ನಷ್ಟದ ಮೊತ್ತ ಬೆಳೆಯುತ್ತದೆ. ನಿಮ್ಮದು ಯಾವ ಬಗೆಯ ಫಂಡ್?

ಹಾಸನದ ಮೇಷ್ಟ್ರು: ಒಂದೇ ಸೆಕ್ಟರಿನದು. ಯೂಟ್ಯೂಬ್‌ನಲ್ಲಿ ನೋಡಿ ಹಾಕಿದೆ.

ವಿತರಕಿ, ದಾವಣಗೆರೆ: ಹಾಗಾದರೆ ಮೇಲೆ ಹೇಳಿದ "ಮುಂದುವರಿಸಿ" ಲೆಕ್ಕ ನಿಮಗೆ ಅರ್ಧ ಮಾತ್ರ ಅನ್ವಯ. ಇಡೀ ಮಾರುಕಟ್ಟೆಯ ಫಂಡ್ ಬೇರೆ, ಒಂದೇ ಸೆಕ್ಟರ್ ಬೇರೆ. ಒಂದು ಸೆಕ್ಟರ್ ಹತ್ತು ವರ್ಷ ಮಲಗಬಹುದು.

ಸೂಚ್ಯಂಕ ಭಕ್ತ: ಅದಕ್ಕೇ ನಾನು ಹೇಳುವುದು, ಇಂಡೆಕ್ಸ್ ಫಂಡ್ ಬಿಟ್ಟು ಬೇರೆ ಮುಟ್ಟಬೇಡಿ. ಇಂಡೆಕ್ಸ್ ಕೊನೆಗೆ ಏರಲೇಬೇಕು. ಅದೂ ಡೈರೆಕ್ಟ್ ಪ್ಲಾನ್. ರೆಗ್ಯುಲರ್‌ನಲ್ಲಿ ವಿತರಕರ ಕಮಿಷನ್ ನಮ್ಮ ಎನ್‌ಎವಿಯಿಂದಲೇ ಹೋಗುತ್ತದೆ.

ಅಡಿಕೆ ಮಂಡಿ, ಶಿರಸಿ: ಏರಲೇಬೇಕು ಎಂದು ಯಾರು ಬರೆದುಕೊಟ್ಟರು? ಜಪಾನಿನ ನಿಕ್ಕೈ 1989ರ ಡಿಸೆಂಬರಿನಲ್ಲಿ 38,915 ಇತ್ತು. ಆ ಮಟ್ಟ ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಮಗುವಿಗೆ ಅಂತ ಹಾಕಿದವನು ಮೊಮ್ಮಗುವಿಗೆ ಕೊಡಬೇಕು.

ಸೂಚ್ಯಂಕ ಭಕ್ತ: ಅದು ತುದಿಯಲ್ಲಿ ಒಂದೇ ಸಲ ಹಾಕಿದವನ ಕಥೆ. ತಿಂಗಳು ತಿಂಗಳು ಹಾಕಿದವನು ಬಹುಪಾಲು ಯುನಿಟ್ ಕೆಳಗಿನ ಬೆಲೆಗೇ ಕೊಂಡಿರುತ್ತಾನೆ. ಅವನು 34 ವರ್ಷ ಕಾಯಬೇಕಿರಲಿಲ್ಲ.

ಅಡಿಕೆ ಮಂಡಿ, ಶಿರಸಿ: ಎಷ್ಟು ಕಾಯಬೇಕಿತ್ತು, ಲೆಕ್ಕ ಹಾಕಿ ತೋರಿಸಿ. ಸುಮ್ನೆ ಬಾಯಲ್ಲಿ ಹೇಳಬೇಡಿ.

ಸೂಚ್ಯಂಕ ಭಕ್ತ: ನೀವು ಚೀಟಿ ಹಾಕಿಕೊಂಡಿರಿ ಸ್ವಾಮಿ.

ಕುವೈತ್ ಕನ್ನಡಿಗ: ನಿಲ್ಲಿಸುವ ವಿಷಯ ಬಂತಲ್ಲ, ನನ್ನದು ತಾನೇ ನಿಂತುಹೋಗಿದೆ. ಅಕೌಂಟಿನಲ್ಲಿ ದುಡ್ಡಿರಲಿಲ್ಲ, ಸತತ ಮೂರು ಕಂತು ಬೌನ್ಸ್ ಆಯಿತು. ಬ್ಯಾಂಕಿನವರು ಪ್ರತಿ ಸಲ ದಂಡ ಬೇರೆ ಹಾಕಿದ್ದಾರೆ. ಯುನಿಟ್‌ಗಳೂ ಹೋದವಾ?

ವಿತರಕಿ, ದಾವಣಗೆರೆ: ಯುನಿಟ್ ಎಲ್ಲೂ ಹೋಗುವುದಿಲ್ಲ. ಮೂರು ಕಂತು ತಪ್ಪಿದರೆ ಎಸ್‌ಐಪಿ ಮಾತ್ರ ರದ್ದು. ಹೊಸದಾಗಿ ನೋಂದಾಯಿಸಿ.

ಕೊಪ್ಪಳದ ನೌಕರ: ಮೇಡಂ, ನನ್ನದು ಬೇರೆ ಥರ. ಏಳು ವರ್ಷದಿಂದ ತಿಂಗಳಿಗೆ 8,000 ಹಾಕುತ್ತಿದ್ದೇನೆ, ಪೂರ್ತಿ ಈಕ್ವಿಟಿ. ಈಗ 11 ಲಕ್ಷ ಆಗಿದೆ. ಬರುವ ಜೂನ್‌ನಲ್ಲಿ ಸೈಟ್ ರಿಜಿಸ್ಟ್ರೇಷನ್, ಅಷ್ಟೂ ಹಣ ಬೇಕು. ಮಾರುಕಟ್ಟೆ ಬಿದ್ದರೂ ಎಸ್‌ಐಪಿ ನಡೆಯುತ್ತಿದೆಯಲ್ಲ, ಆವರೇಜ್ ಆಗುತ್ತದೆ ಎಂದು ಧೈರ್ಯವಾಗಿದ್ದೇನೆ. ಸರಿ ತಾನೇ?

ವಿತರಕಿ, ದಾವಣಗೆರೆ: ಸರಿಯಲ್ಲ. ಈ ಗುಂಪಿನಲ್ಲಿ ಇವತ್ತು ನನಗೆ ಹೆದರಿಕೆ ತಂದ ಪ್ರಶ್ನೆ ಇದೊಂದೇ.

ಬೆಲೆ ಶೇಕಡಾ 10 ಬಿತ್ತು ಅನ್ನಿ. ನಿಮ್ಮ 11 ಲಕ್ಷದಲ್ಲಿ 1,10,000 ಹೋಯಿತು. ಅದೇ ತಿಂಗಳು ನಿಮ್ಮ 8,000 ಅಗ್ಗದಲ್ಲಿ ಕೊಂಡಿತು. ಹಳೆಯ ಬೆಲೆಯಲ್ಲಿ 8,889 ರೂಪಾಯಿ ಬಾಳುವಷ್ಟು ಯುನಿಟ್ ಬಂದವು. ನಿಮ್ಮ ಆವರೇಜಿಂಗ್ ಕೊಟ್ಟದ್ದು 889 ರೂಪಾಯಿ, ಅದೂ ಬೆಲೆ ಮತ್ತೆ ಏರಿದರೆ. ಹೋದದ್ದು ಒಂದು ಲಕ್ಷದ ಹತ್ತು ಸಾವಿರ.

ಮೊದಲ ವರ್ಷ ಪ್ರತಿ ಕಂತೂ ಸರಾಸರಿಯನ್ನು ಎಳೆಯುತ್ತದೆ. ಏಳನೇ ವರ್ಷಕ್ಕೆ ಹೊಸ ಕಂತು ಒಟ್ಟು ಮೊತ್ತದ ಶೇಕಡಾ ಒಂದೂ ಇರುವುದಿಲ್ಲ. ಕಂತು ಕಟ್ಟುತ್ತಿರುವುದು ತಿಂಗಳು ತಿಂಗಳಾದರೂ, ನಿಮ್ಮ 11 ಲಕ್ಷ ಈಗ ಒಂದೇ ಸಲ ಹಾಕಿದ ಹಣದ ಹಾಗೆಯೇ ಏರುತ್ತದೆ, ಇಳಿಯುತ್ತದೆ. 2020ರಲ್ಲಿ ನಿಫ್ಟಿ ಜನವರಿಯಲ್ಲಿ 12,000ದ ಮೇಲಿತ್ತು, ಮಾರ್ಚ್ 23ಕ್ಕೆ 7,610. ವರ್ಷದ ಕೊನೆಗೆ 13,900 ದಾಟಿತು ನಿಜ. ಆದರೆ ಏಪ್ರಿಲ್‌ನಲ್ಲಿ ರಿಜಿಸ್ಟ್ರೇಷನ್ ಇದ್ದವನಿಗೆ ಡಿಸೆಂಬರ್ ತಗೊಂಡು ಏನು ಪ್ರಯೋಜನ?

ಹಾಕುವಾಗ ಕಂತು ಮಾಡಿದ ಹಾಗೆ ತೆಗೆಯುವಾಗಲೂ ಮಾಡಿ. ಈ ತಿಂಗಳಿಂದಲೇ ಅದೇ ಕಂಪನಿಯ ಲಿಕ್ವಿಡ್ ಫಂಡಿಗೆ ಎಸ್‌ಟಿಪಿ ಹಾಕಿ, ನಾಲ್ಕೈದು ಭಾಗದಲ್ಲಿ ದಾಟಿಸಿ. ಹೊಸ 8,000ವನ್ನೂ ಅಲ್ಲಿಗೇ ತಿರುಗಿಸಿ. ಮಾರ್ಚ್ 31ರ ಒಳಗೆ ಒಂದು ಪಾಲು, ಏಪ್ರಿಲ್ 1ರ ನಂತರ ಇನ್ನೊಂದು ಪಾಲು ಬರುವ ಹಾಗೆ ನೋಡಿಕೊಳ್ಳಿ. ವರ್ಷ ದಾಟಿದ ಯುನಿಟ್‌ಗಳ ಲಾಭದಲ್ಲಿ ಒಂದು ಹಣಕಾಸು ವರ್ಷಕ್ಕೆ 1,25,000ದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇಕಡಾ 12.5. ಎರಡು ವರ್ಷಕ್ಕೆ ಹಂಚಿದರೆ ಸೆಸ್ ಸೇರಿ ಹದಿನಾರು ಸಾವಿರ ಚಿಲ್ಲರೆ ಉಳಿಯುತ್ತದೆ.

ಇನ್ನೊಂದು. ಕೊನೆಯ ಹನ್ನೆರಡು ಕಂತುಗಳಿಗೆ ಇನ್ನೂ ವರ್ಷ ತುಂಬಿಲ್ಲ. ಪ್ರತಿ ಕಂತಿಗೂ ವರ್ಷ ಬೇರೆ ಬೇರೆ ಎಣಿಸುತ್ತಾರೆ. ಅವುಗಳನ್ನು ತೆಗೆದರೆ ಎಷ್ಟೋ ಫಂಡುಗಳಲ್ಲಿ ಶೇಕಡಾ 1 ಎಕ್ಸಿಟ್ ಲೋಡ್ ಇದೆ, ಆ ಲಾಭಕ್ಕೆ ತೆರಿಗೆಯೂ ಶೇಕಡಾ 20. ಹಳೆಯ ಯುನಿಟ್ ಮೊದಲು ಹೋಗುತ್ತವೆ, ಹಾಗಾಗಿ ಇವು ಕೊನೆಗೇ ಬರುತ್ತವೆ.

ಸೂಚ್ಯಂಕ ಭಕ್ತ: ಇಷ್ಟು ಬೇಗ ತೆಗೆಸಿದರೆ ಏಳೆಂಟು ತಿಂಗಳ ಏರಿಕೆ ತಪ್ಪುತ್ತದಲ್ಲ? ವಿತರಕರಿಗೆ ಸ್ವಿಚ್‌ನಲ್ಲೂ ಲಾಭ ಇರಬೇಕು.

ವಿತರಕಿ, ದಾವಣಗೆರೆ: ಏರಿಕೆ ತಪ್ಪಬಹುದು, ಹೌದು. ಸೈಟ್ ತಪ್ಪುವುದಿಲ್ಲ. ನನಗೆ ಕಮಿಷನ್ ಬರುತ್ತದೆ, ಅದನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ಲಿಕ್ವಿಡ್ ಫಂಡಿನಲ್ಲಿ ಈಕ್ವಿಟಿಗಿಂತ ತುಂಬಾ ಕಡಿಮೆ ಬರುತ್ತದೆ. ತಿಳಿಯದಿದ್ದರೆ ಕೇಳಿ, ಊಹಿಸಬೇಡಿ.

ಅಡಿಕೆ ಮಂಡಿ, ಶಿರಸಿ: ಭಕ್ತರಿಗೆ ಜಪಾನಿನ ಲೆಕ್ಕ ಇನ್ನೂ ಸಿಕ್ಕಿಲ್ಲ ಅಂತ ಕಾಣುತ್ತದೆ.

ಸೂಚ್ಯಂಕ ಭಕ್ತ: ನಿಮಗೆ ಬೇರೆ ಕೆಲಸ ಇಲ್ಲವಾ?

ಗದಗ ಗೃಹಿಣಿ: ಚಿನ್ನದ ಇಟಿಎಫ್‌ನಲ್ಲೂ ಆವರೇಜಿಂಗ್ ಹೀಗೇ ಕೆಲಸ ಮಾಡುತ್ತದಾ ಅಕ್ಕಾ? ಮುಂಚೆಯೂ ಕೇಳಿದ್ದೆ.

ಕನಿಷ್ಠ ಬೆಲೆ: ಎನ್‌ಎವಿ 50, 60 ಇರುವುದನ್ನು ಕೊಂಡರೆ ಹೀಗೇ ಆಗುವುದು. ಹೊಸ ಫಂಡ್ 10 ರೂಪಾಯಿಗೆ ಬಂದಾಗಲೇ ಹಾಕಬೇಕು, ಯುನಿಟ್ ಜಾಸ್ತಿ ಬರುತ್ತವೆ.

ವಿತರಕಿ, ದಾವಣಗೆರೆ: 10 ರೂಪಾಯಿಯ ಫಂಡ್ ಶೇಕಡಾ 5 ಏರಿದರೂ, 500 ರೂಪಾಯಿಯದು ಶೇಕಡಾ 5 ಏರಿದರೂ ನಿಮ್ಮ 6,000 ಆಗುವುದು 6,300ಯೇ. ಇದನ್ನು ಎಷ್ಟು ಸಲ ಬರೆಯಲಿ?

ಮಂಡ್ಯ ಟ್ರಾಕ್ಟರ್: ವಾರಕ್ಕೊಂದು ಸಲ ಹಾಕಿದರೆ ಆವರೇಜ್ ಇನ್ನೂ ಚೆನ್ನಾಗಿ ಬರುತ್ತದೆ ಅಂತಾರೆ?

ವಿತರಕಿ, ದಾವಣಗೆರೆ: ಪೈಸೆ ವ್ಯತ್ಯಾಸ. ಸ್ಟೇಟ್‌ಮೆಂಟ್ ಉದ್ದ ಆಗುತ್ತದೆ.

ಹಾಸನದ ಮೇಷ್ಟ್ರು: ಸೆಕ್ಟರ್ ಫಂಡಿಗೆ ಹೊಸ ಕಂತು ನಿಲ್ಲಿಸಿ, ಅದೇ 6,000ವನ್ನು ದೊಡ್ಡ ಮಾರುಕಟ್ಟೆಯ ಫಂಡಿಗೆ ಹಾಕೋಣ ಅಂದುಕೊಂಡೆ. ಹಳೆಯ 1,286 ಯುನಿಟ್ ಮಾರಬೇಕಾ, ಇಟ್ಟುಕೊಳ್ಳಬೇಕಾ?

ಸೂಚ್ಯಂಕ ಭಕ್ತ: ಮಾರಿ. ನಷ್ಟ ಬುಕ್ ಮಾಡಿ, ಬೇರೆ ಲಾಭದ ಎದುರು ತೋರಿಸಬಹುದು.

ಕನಿಷ್ಠ ಬೆಲೆ: ಮಾರಬೇಡಿ, 56 ಬಂದೇ ಬರುತ್ತದೆ.

ವಿತರಕಿ, ದಾವಣಗೆರೆ: 56 ನಿಮ್ಮ ಕೊಂಡ ಬೆಲೆ. ಅದು ಮಾರುಕಟ್ಟೆಗೆ ಗೊತ್ತಿಲ್ಲ. ಮೇಷ್ಟ್ರೇ, ಇವತ್ತು ಕೈಯಲ್ಲಿ 64,300 ನಗದು ಇದ್ದಿದ್ದರೆ ಇದೇ ಫಂಡಿಗೆ ಹಾಕುತ್ತಿದ್ದಿರಾ? ಉತ್ತರ ಯೋಚಿಸಿ ಹೇಳಿ. ಮೊದಲ ಕಂತು ಬಿಟ್ಟು ಉಳಿದವಕ್ಕೆ ವರ್ಷ ಆಗಿದೆಯೇ ಎಂದು ತಾರೀಕೂ ನೋಡಿ, ಲೋಡ್ ಬೀಳಬಹುದು.

ಕೊಪ್ಪಳದ ನೌಕರ: ಮೇಡಂ, ಫೋಲಿಯೋ ನನ್ನ ಮತ್ತು ಹೆಂಡತಿಯ ಜಂಟಿ ಹೆಸರಿನಲ್ಲಿದೆ. ಹಾಗಾದರೆ 1,25,000ದ ವಿನಾಯಿತಿ ಇಬ್ಬರಿಗೂ ಸಿಗುತ್ತದಾ?

ವಿತರಕಿ, ದಾವಣಗೆರೆ: ಹಣ ಯಾರ ಅಕೌಂಟಿನಿಂದ ಹೋಗಿದೆ?

ಕೊಪ್ಪಳದ ನೌಕರ: ನನ್ನ ಸಂಬಳದ ಅಕೌಂಟಿನಿಂದಲೇ.

ವಿತರಕಿ, ದಾವಣಗೆರೆ: ಹಾಗಾದರೆ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಒಂದೇ ವಿನಾಯಿತಿ. ಮಾರ್ಚ್ ಮತ್ತು ಏಪ್ರಿಲ್ ಹಂಚಿಕೆ ಬಿಡಬೇಡಿ. ಫಾರ್ಮ್ ನಾಳೆಯೇ ಕೊಡಿ, ಎಸ್‌ಟಿಪಿ ನೋಂದಣಿಗೆ ಕೆಲವು ದಿನ ಹಿಡಿಯುತ್ತದೆ. ಇವತ್ತಿಗೆ ನನ್ನಿಂದ ಇಷ್ಟೇ.

ಮಂಡ್ಯ ಟ್ರಾಕ್ಟರ್: 10ನೇ ತಾರೀಕು ಹೇಗೆ ಮೇಡಂ?